ಬಣ್ಣ ಹಚ್ಚಿದ ಕೂದಲಿಗೆ ಬಿಸಿ ತಾಗಿದಾಗ

ಕೇಳುಗರಿಗೆ ನಮಸ್ಕಾರ. ಕೂದಲಿಗೆ ಬರ್ಗಂಡಿ ಬಣ್ಣ ಹಾಕಿಸಿಕೊಂಡ ಅನೇಕರು ಹೇಳುವ ದೂರು ಒಂದೇ ಬಗೆಯದು: ಬುಡದಲ್ಲಿ ಬಣ್ಣ ಗಾಢವಾಗಿರುವಾಗಲೇ ತುದಿಗಳು ಕೆಂಚಗೆ ತಿರುಗುತ್ತವೆ. ತಪ್ಪನ್ನು ಶಾಂಪೂವಿನ ಮೇಲೆ ಹೊರಿಸುವುದು ವಾಡಿಕೆ. ಆದರೆ ಮೇಲಿಂದ ಮೇಲೆ ಸ್ಟ್ರೇಟ್ನರ್ ಬಳಸುವವರಲ್ಲಿ ಬಣ್ಣ ಹೊರಹೋಗಲು ದಾರಿ ತೆರೆಯುವುದು ಬಿಸಿ. ನೀರು ಆ ದಾರಿಯಲ್ಲಿ ಬಣ್ಣವನ್ನು ಹೊರಗೆ ಒಯ್ಯುತ್ತದೆ.

ಶಾಶ್ವತ ಬಣ್ಣ ಹಚ್ಚುವಾಗ ಅಮೋನಿಯಾದಂಥ ಕ್ಷಾರ ಕೂದಲನ್ನು ಉಬ್ಬಿಸಿ ಹೊರಪದರದ ಪೊರೆಗಳನ್ನು ಸಡಿಲಗೊಳಿಸುತ್ತದೆ. ಒಳಗೆ ನುಗ್ಗಿದ ಸಣ್ಣ ಕಣಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಬೆಸೆದು, ಸುಲಭವಾಗಿ ಹೊರಬರಲಾರದ ದೊಡ್ಡ ವರ್ಣಕಣಗಳನ್ನಾಗಿ ಮಾಡುತ್ತದೆ. ಇದೇ ಕ್ರಿಯೆಯಲ್ಲಿ ಕೂದಲಿನ ಸಹಜ ಜಿಡ್ಡಿನ ಪದರವೂ ಕಳೆದುಹೋಗುವುದರಿಂದ ಕೂದಲು ಮೊದಲಿಗಿಂತ ಹೆಚ್ಚು ನೀರು ಹೀರುತ್ತದೆ. ಇಂಥ ಕೂದಲ ಪೊರೆಗಳು ಬಿಸಿಗೆ ಬಿರುಕು ಬಿಟ್ಟರೆ, ಪ್ರತಿ ಸ್ನಾನದಲ್ಲೂ ಬಣ್ಣ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆಂದರೆ, 30 ಸೆಂಟಿಮೀಟರ್ ಉದ್ದದ ಕೂದಲ ತುದಿಗೆ ಎರಡು ವರ್ಷ ದಾಟಿರುತ್ತದೆ. ಅಷ್ಟು ಕಾಲದ ಬಿಸಿಯನ್ನೆಲ್ಲ ಉಂಡ ತುದಿ ಮೊದಲು ಮಂಕಾಗುವುದು ಸಹಜ.

ಅತ್ಯಂತ ಹಾನಿಕರವಾದದ್ದು ತೇವವಿರುವ ಕೂದಲಿಗೆ ಕಾದ ಪಟ್ಟಿ ಒತ್ತುವುದು. ಒಳಗಿನ ನೀರು ಥಟ್ಟನೆ ಆವಿಯಾಗಿ ಎಳೆಯೊಳಗೆ ಗುಳ್ಳೆ ಏಳಿಸುತ್ತದೆ, ಆ ಜಾಗದಲ್ಲಿ ಕೂದಲು ತುಂಡಾಗುತ್ತದೆ. ಚುಯ್ ಎಂಬ ಸದ್ದು ಕೇಳಿಸಿದರೆ ಅಥವಾ ಹಬೆ ಎದ್ದರೆ ಕೂಡಲೇ ಪಟ್ಟಿ ತೆಗೆದು, ಮತ್ತೊಮ್ಮೆ ಒಣಗಿಸಬೇಕು. ಹೊರಗೆ ಒಣಗಿದಂತೆ ಕಂಡರೂ ಕುತ್ತಿಗೆಯ ಹಿಂಭಾಗದ ದಟ್ಟ ಕೂದಲಿನಲ್ಲಿ ಪಸೆ ಉಳಿದಿರುತ್ತದೆ; ಕೈಯಿಂದ ಮುಟ್ಟಿದಾಗ ತಣ್ಣಗೆ ತಾಗಿದರೆ ಅದಿನ್ನೂ ಒಣಗಿಲ್ಲವೆಂದೇ ತಿಳಿಯಬೇಕು.

ಹಲವು ಸ್ಟ್ರೇಟ್ನರುಗಳಲ್ಲಿ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಅಂಕಿ ಇರುತ್ತದೆ. ಬಣ್ಣ ಹಚ್ಚಿದ ತೆಳು ಕೂದಲಿಗೆ 150ರ ಆಸುಪಾಸು, ದಪ್ಪ ಕೂದಲಿಗೆ 180 ಸಾಕು. ಎರಡು ಬೆರಳಗಲದ ಎಳೆಗಳನ್ನು ತೆಗೆದುಕೊಂಡು, ನಡುವೆ ನಿಲ್ಲಿಸದೆ ಒಂದೇ ಸಲ ಎಳೆಯಬೇಕು. ಕಡಿಮೆ ಬಿಸಿಯಲ್ಲಿ ಐದಾರು ಸಲ ಎಳೆದರೆ ಲಾಭವೇನೂ ಇಲ್ಲ. ಸಿಲಿಕೋನ್ ಇರುವ ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇಯನ್ನು ಒದ್ದೆ ಕೂದಲಿಗೆ ಹಾಕಿ ಬಾಚಿ, ಪೂರ್ತಿ ಒಣಗಿಸಿದ ಮೇಲೆಯೇ ಪಟ್ಟಿ ಹಿಡಿಯಬೇಕು. ಅದು ಬಿಸಿ ಕೂದಲಿಗೆ ಏರುವ ವೇಗವನ್ನು ತಗ್ಗಿಸುತ್ತದೆಯೇ ಹೊರತು ಬಿಸಿಯನ್ನು ತಡೆದು ನಿಲ್ಲಿಸುವುದಿಲ್ಲ. ನಮ್ಮ ಮನೆಗಳಲ್ಲಿ ಅದರ ಬದಲಿಗೆ ಕೊಬ್ಬರಿ ಎಣ್ಣೆ ಸವರುವುದುಂಟು. ಆ ಎಣ್ಣೆ ಸ್ನಾನಕ್ಕೆ ಮುಂಚೆ ಒಳ್ಳೆಯದೇ, ಕಾದ ಪಟ್ಟಿಯ ಕೆಳಗಲ್ಲ.

ಡ್ರೈಯರನ್ನು ಒಂದು ಗೇಣು ದೂರದಲ್ಲಿ, ಬುಡದಿಂದ ತುದಿಯ ಕಡೆಗೆ ಗಾಳಿ ಬೀಸುವಂತೆ ಆಡಿಸುತ್ತಿರಬೇಕು. ಅದಕ್ಕೆ ಮೊದಲು ಟವೆಲಿನಿಂದ ಉಜ್ಜದೆ ಒತ್ತಿ ನೀರು ತೆಗೆದರೆ ಬಿಸಿಗಾಳಿಯ ಹೊತ್ತು ಕಡಿಮೆಯಾಗುತ್ತದೆ. ತುದಿಗಳು ಈಗಾಗಲೇ ಕೆಂಚಾಗಿದ್ದರೆ ಅವಕ್ಕೆ ಮತ್ತೆ ಶಾಶ್ವತ ಬಣ್ಣ ಬಳಿಸುವುದಕ್ಕಿಂತ, ಅಮೋನಿಯಾ ಇಲ್ಲದ, ಹೊಳಪು ಕೊಡುವ ತೆಳು ಬಣ್ಣವಾದ ಹೇರ್ ಗ್ಲಾಸ್ ಹಾಕಿಸಿ, ಸ್ಟ್ರೇಟ್ನರನ್ನು ಬುಡದಿಂದ ಮುಕ್ಕಾಲು ಉದ್ದಕ್ಕೆ ನಿಲ್ಲಿಸುವುದು ಮೇಲು.