ಲೋಟದ ತಳಕ್ಕೆ ಇಳಿದ ಜೇನು

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆ ನಮ್ಮದೊಂದು ಅಡಿಕೆ ತೋಟ. ಅಲ್ಲಿ ಎಂಟು ಜೇನುಪೆಟ್ಟಿಗೆ ಇಟ್ಟಿದ್ದೇನೆ. ಎಲ್ಲವೂ ನಮ್ಮ ತುಡುವೆ ಜೇನು. ಹೋದ ವರ್ಷ ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಒಂದು ಬಾಟಲಿ ತುಪ್ಪ ಕಳಿಸಿದ್ದೆ. ತುಪ್ಪ ಅಂದರೆ ಜೇನುತುಪ್ಪ, ನಮ್ಮ ಕಡೆ ಹಾಗೇ ಹೇಳುವುದು. ವಾರ ಕಳೆದ ಮೇಲೆ ಅವಳ ಫೋನು ಬಂತು. "ಮಾವ, ಬೇಜಾರು ಮಾಡ್ಕೋಬೇಡಿ. ನೀರಿಗೆ ಹಾಕಿ ನೋಡಿದೆ. ಅಂಗಡಿಯದು ಸೀದಾ ತಳಕ್ಕೆ ಹೋಗಿ ಕೂತ್ಕೊಳ್ತು. ನಿಮ್ಮದು ಹರಡಿಕೊಂಡ್ತು."

ನಾನೇ ಎರಿ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಸೋಸಿ ತುಂಬಿದ್ದು. ನಗುವೂ ಬಂತು, ಸಿಟ್ಟೂ ಬಂತು. ಆದರೆ ಅವಳ ತಪ್ಪಿಲ್ಲ. ಅಪ್ಪಟ ಜೇನು ತಳಕ್ಕೆ ಇಳಿಯುತ್ತದೆ, ಕಲಬೆರಕೆಯದು ಹರಡುತ್ತದೆ ಅಂತ ನೀರಿನ ಲೋಟದ ಪರೀಕ್ಷೆಯನ್ನು ಎಲ್ಲರೂ ಎಲ್ಲರಿಗೂ ಹೇಳಿಕೊಡುತ್ತಾರೆ.

ಅವತ್ತು ಸಂಜೆ ನಾನೊಂದು ಕೆಲಸ ಮಾಡಿದೆ. ನೀವೂ ಮಾಡಬಹುದು. 400 ಗ್ರಾಂ ಸಕ್ಕರೆಗೆ ಒಂದು ಲೋಟ ನೀರು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಸಣ್ಣ ಉರಿಯಲ್ಲಿ ಕುದಿಸಿದೆ. ಪಾತ್ರೆಯ ತೂಕ ಕಳೆದು ಪಾಕದ ತೂಕ 500 ಗ್ರಾಂಗೆ ಬಂದಾಗ ಒಲೆ ಆರಿಸಿದೆ. ಅಂದರೆ ನೂರಕ್ಕೆ 80 ಪಾಲು ಸಕ್ಕರೆ, 20 ಪಾಲು ನೀರು. ಜೇನುತುಪ್ಪದ ಲೆಕ್ಕವೂ ಹೆಚ್ಚು ಕಡಿಮೆ ಇಷ್ಟೇ. ಪಾಕ ಆರಿದ ಮೇಲೆ ಒಂದು ಚಮಚ ತೆಗೆದು ನೀರಿಗೆ ಬಿಟ್ಟೆ. ದಾರದ ಹಾಗೆ ಇಳಿದು ಲೋಟದ ತಳದಲ್ಲಿ ಕೂತಿತು. ಅಪ್ಪಟ ಜೇನು ಉಗುರಿನ ಮೇಲೆ ಜಾರುವುದಿಲ್ಲ ಅಂತಲೂ ಹೇಳುತ್ತಾರೆ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ತೊಟ್ಟು ಇಟ್ಟೆ, ಜಾರಲಿಲ್ಲ. ಜೇನುನೊಣದ ಗಾಳಿಯೂ ಸೋಕದ ಸಕ್ಕರೆ ಪಾಕ ಎರಡರಲ್ಲೂ ಪಾಸು!

ಕಾರಣ ಸರಳ. ಈ ಪರೀಕ್ಷೆಗಳಿಗೆ ಗೊತ್ತಾಗುವುದು ಮಂದ ಎಷ್ಟು ಅನ್ನುವುದು ಮಾತ್ರ. ಆ ಸಿಹಿ ಹೂವಿನಿಂದ ಬಂತೋ, ಗಿರಣಿಯಿಂದ ಬಂತೋ ಅನ್ನುವುದು ಲೋಟದ ನೀರಿಗೆ ಗೊತ್ತಾಗುವುದಿಲ್ಲ. ಯಾರಾದರೂ ಜೇನಿಗೆ ಸುಮ್ನೆ ತೆಳು ಸಕ್ಕರೆ ನೀರು ಸೇರಿಸಿದ್ದರೆ ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಈಗ ಕಲಬೆರಕೆ ಮಾಡುವವರು ಅಷ್ಟು ಪೆದ್ದರಲ್ಲ.

ಹಾಗಾದರೆ ನನ್ನ ತುಪ್ಪ ಯಾಕೆ ಹರಡಿತು? ತುಡುವೆ ಜೇನಿನ ತುಪ್ಪದಲ್ಲಿ ನೀರಿನಂಶ ಜಾಸ್ತಿ. ಮಲೆನಾಡಿನ ಹವೆಯಲ್ಲಿ ಅದು ನೂರಕ್ಕೆ 20 ದಾಟುವುದು ಮಾಮೂಲಿ. ಎರಿಯ ಕೋಣೆಗೆ ನೊಣಗಳು ಮೇಣದ ಮುಚ್ಚಳ ಹಾಕುವ ಮೊದಲೇ ತೆಗೆದರೆ ಇನ್ನೂ ತೆಳು. ಆಹಾರ ಸುರಕ್ಷತೆಯ ನಿಯಮ ಸಾಮಾನ್ಯವಾಗಿ ಒಪ್ಪುವುದು 20ರವರೆಗೆ. ಹಾಗಾಗಿ ಅಪ್ಪಟ ತುಪ್ಪವೂ ನಿಯಮದ ಕಣ್ಣಿಗೆ ತೆಳುವಾಗಿ ಕಾಣಬಹುದು. ತೆಳುವಾದದ್ದು ಬೇಗ ಹುಳಿ ಬರುತ್ತದೆ, ಅದು ನಿಜವಾದ ದೋಷವೇ. ಆದರೆ ಅದು ಮೋಸವಲ್ಲ.

ಹತ್ತಿಯ ಬತ್ತಿಯನ್ನು ಜೇನಿನಲ್ಲಿ ಅದ್ದಿ ಹಚ್ಚುವುದೂ ಇದೇ ಕಥೆ. ನೀರಿದ್ದರೆ ಚಟಪಟ ಅನ್ನುತ್ತದೆ, ಇಲ್ಲದಿದ್ದರೆ ಬತ್ತಿ ಉರಿಯುತ್ತದೆ. ಅಪ್ಪಟ ಜೇನಿಗೆ ಇರುವೆ ಮುತ್ತುವುದಿಲ್ಲ ಅನ್ನುವವರಿಗೆ ಏನು ಹೇಳಲಿ? ನಮ್ಮ ಮನೆಯಲ್ಲಿ ಜೇನಿನ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುವುದೇ ಇರುವೆ ಕಾಟಕ್ಕೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ನಷ್ಟದ್ದು. ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಹರಳು ಕಟ್ಟುತ್ತದೆ. "ಸಕ್ಕರೆ ಹಾಕಿದ್ದಾರೆ" ಅಂತ ಎಸೆದುಬಿಡುತ್ತಾರೆ. ಹೂವಿನ ರಸದಲ್ಲಿ ಗ್ಲೂಕೋಸ್ ಜಾಸ್ತಿ ಇದ್ದರೆ ಜೇನು ಹೆಪ್ಪುಗಟ್ಟುವುದು ಸಹಜ. ಸೂರ್ಯಕಾಂತಿ ಜೇನು, ರಬ್ಬರ್ ತೋಟದ ಜೇನು ಬೇಗ ಗಟ್ಟಿಯಾಗುತ್ತವೆ. ಬಾಟಲಿಯನ್ನು ಕೈ ಸುಡದಷ್ಟು ಬಿಸಿನೀರಿನಲ್ಲಿ ಇಡಿ, ಕರಗುತ್ತದೆ. ಇದರ ಮೇಲೆ ಅಸಲಿ, ನಕಲಿ ಎರಡನ್ನೂ ಹೇಳಲು ಬರುವುದಿಲ್ಲ.

ಮನೆಯಲ್ಲಿ ಕೆಲಸಕ್ಕೆ ಬರುವ ಒಂದೇ ಅಳತೆ ನನಗೆ ಗೊತ್ತಿರುವುದು ತೂಕದ್ದು. ಒಂದು ಚಿಕ್ಕ ಬಾಟಲಿಯನ್ನು ಕಂಠದವರೆಗೆ ನೀರು ತುಂಬಿ ತೂಗಿ. ಅದನ್ನು ಚೆನ್ನಾಗಿ ಒಣಗಿಸಿ, ಅದೇ ಮಟ್ಟಕ್ಕೆ ಜೇನು ತುಂಬಿ ತೂಗಿ. ಎರಡರಲ್ಲೂ ಖಾಲಿ ಬಾಟಲಿಯ ತೂಕ ಕಳೆಯಿರಿ. ನೀರು 100 ಗ್ರಾಂ ಇದ್ದಲ್ಲಿ ಜೇನು ಸುಮಾರು 140 ಗ್ರಾಂ ಬರಬೇಕು. 135ಕ್ಕಿಂತ ಕೆಳಗೆ ಬಂದರೆ ತೀರ ತೆಳು, ಬೇಗ ಖರ್ಚು ಮಾಡಿ. ಅಷ್ಟೇ. ನನ್ನ ಸಕ್ಕರೆ ಪಾಕವೂ ಈ ತಕ್ಕಡಿಯಲ್ಲಿ ಗೆಲ್ಲುತ್ತದೆ ಅನ್ನುವುದು ನೆನಪಿರಲಿ.

ಹಾಗಾದರೆ ಲ್ಯಾಬಿಗೆ ಕಳಿಸಿದರೆ ಮುಗಿಯಿತೇ? ಕಬ್ಬು, ಮೆಕ್ಕೆಜೋಳದ ಸಕ್ಕರೆಯಲ್ಲಿರುವ ಇಂಗಾಲದ ಗುರುತು ಬೇರೆ, ಹೆಚ್ಚಿನ ಹೂಗಿಡಗಳದ್ದು ಬೇರೆ. ಅದನ್ನು ಹಿಡಿಯುವ ಪರೀಕ್ಷೆ ಬಂತು. ಆಗ ಅಕ್ಕಿಯ ಸಿರಪ್ ಬಂತು. ಭತ್ತದ ಇಂಗಾಲದ ಗುರುತು ಹೂಗಿಡಗಳ ಜಾತಿಯದೇ, ಹಾಗಾಗಿ ಆ ಪರೀಕ್ಷೆಯಲ್ಲಿ ನುಸುಳಿಕೊಂಡಿತು. ಅಕ್ಕಿಗೂ ಪರೀಕ್ಷೆ ಬಂದ ಮೇಲೆ ಅದನ್ನೂ ದಾಟುವ ಸಿರಪ್ ತಯಾರಾಯಿತು. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರ್ಯಾಂಡುಗಳನ್ನು ಪರೀಕ್ಷೆ ಮಾಡಿಸಿತ್ತು. ಇಲ್ಲಿನ ಲ್ಯಾಬಿನಲ್ಲಿ ದೊಡ್ಡ ಹೆಸರುಗಳು ಹೆಚ್ಚಿನವು ಪಾಸಾದವು. ಜರ್ಮನಿಯಲ್ಲಿ ಎನ್‌ಎಂಆರ್ ಎಂಬ ಪರೀಕ್ಷೆಗೆ ಹಾಕಿದಾಗ 3 ಬ್ರ್ಯಾಂಡು ಮಾತ್ರ ಗೆದ್ದವು. ಕಂಪನಿಗಳು ಇದನ್ನು ಒಪ್ಪಲಿಲ್ಲ, ಅದೂ ಹೇಳಬೇಕು. ಯಂತ್ರಗಳೇ ಇಷ್ಟು ತಿಣುಕುವಲ್ಲಿ ನಮ್ಮ ನೀರಿನ ಲೋಟ ಎಷ್ಟರದ್ದು, ಅಲ್ವಾ?

ಇನ್ನು ಲೇಬಲ್ಲು. ಮುಂಭಾಗದ ಚಿತ್ರ ಬಿಡಿ, ಬಾಟಲಿ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಜೇನು ಬಿಟ್ಟು ಸಿರಪ್, ಫ್ಲೇವರ್ ಅಂತ ಏನಾದರೂ ಇದ್ದರೆ ಅದು ಜೇನಲ್ಲ. ಇಂಥ ಬಾಟಲಿಗಳನ್ನು ಜೇನಿನ ಪಕ್ಕದಲ್ಲೇ ಜೋಡಿಸಿಟ್ಟಿರುತ್ತಾರೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಲೈಸೆನ್ಸಿನದ್ದು, ಶುದ್ಧತೆಯದ್ದಲ್ಲ. ತೊಂದರೆಯಾದರೆ ಯಾರನ್ನು ಕೇಳಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ.

"ಕಾಡುಜೇನು" ಅಂತ ಬರೆದಿದ್ದರೆ ಯಾವ ಜೇನು ಅಂತ ಕೇಳಿ. ಹೆಜ್ಜೇನು ಪೆಟ್ಟಿಗೆಯಲ್ಲಿ ಸಾಕುವಂಥದ್ದಲ್ಲ. ಎತ್ತರದ ಮರ, ಬಂಡೆಗಳಲ್ಲಿ ಕಟ್ಟುತ್ತದೆ. "ನಮ್ಮ ಫಾರ್ಮಿನ ಹೆಜ್ಜೇನು" ಅಂದವರ ಹತ್ತಿರ ಮುಂದೆ ಮಾತು ಬೇಡ. ಬಕೆಟ್ಟಿನಲ್ಲಿ ಜೇನುಹುಟ್ಟು ಇಟ್ಟುಕೊಂಡು ಬೀದಿಯಲ್ಲಿ ಬರುವವರಿಂದ ನಾನೂ ಒಮ್ಮೆ ಕೊಂಡು ಮೋಸ ಹೋಗಿದ್ದೇನೆ. ಹುಟ್ಟು ನಿಜವಾದದ್ದೇ, ನೊಣವೂ ನಿಜ. ಕೆಳಗಿದ್ದದ್ದು ಬೆಲ್ಲದ ಪಾಕ.

ನಾನಾದರೆ ಮಾರುವವರನ್ನು ಒಂದೇ ಮಾತು ಕೇಳುತ್ತೇನೆ: ಯಾವ ತಿಂಗಳಲ್ಲಿ ತೆಗೆದದ್ದು? ನಮ್ಮಲ್ಲಿ ತುಪ್ಪ ಸಿಗುವುದು ಹೂವಿನ ಕಾಲಕ್ಕೆ, ಫೆಬ್ರವರಿಯಿಂದ ಮೇ ಒಳಗೆ. ಮಳೆಗಾಲದಲ್ಲಿ ನೊಣಗಳಿಗೆ ತಿನ್ನಲು ಇರುವುದಿಲ್ಲ. ಸಾಯಬಾರದಲ್ಲ, ಅದಕ್ಕೆ ನಾವು ಸಕ್ಕರೆ ನೀರು ಇಡುತ್ತೇವೆ. ಅದು ತಪ್ಪಲ್ಲ. ಆದರೆ ಆ ಸಕ್ಕರೆಯನ್ನೇ ಅವು ಎರಿಗೆ ತುಂಬಿದರೆ, ಅದನ್ನು ತಿರುಗಿಸಿ ಮಾರಿದರೆ, ನಿಮ್ಮ ಕಣ್ಣೆದುರೇ ಪೆಟ್ಟಿಗೆಯಿಂದ ತೆಗೆದದ್ದೂ ಜೇನುತುಪ್ಪವಲ್ಲ. ಆಗಸ್ಟಿನಲ್ಲಿ "ನಿನ್ನೆ ತೆಗೆದ ತಾಜಾ ಮಲೆನಾಡ ಜೇನು" ಅಂದರೆ ನಾನು ಕೊಳ್ಳುವುದಿಲ್ಲ.

ಇಷ್ಟೆಲ್ಲ ಅಕ್ಕನ ಮಗಳಿಗೂ ಹೇಳಿದ್ದೆ. ಈ ಜುಲೈನಲ್ಲಿ ಮತ್ತೆ ಫೋನು ಮಾಡಿದಳು. "ಮಾವ, ಎರಡು ಬಾಟಲಿ ಕಳಿಸ್ತೀರಾ?" ಈಗ ಇಲ್ಲ ಮಾರಾಯ್ತಿ, ಪೆಟ್ಟಿಗೆಗೆ ನಾನೇ ಸಕ್ಕರೆ ಹಾಕ್ತಾ ಇದ್ದೇನೆ ಅಂದೆ. "ಸರಿ, ಮಾರ್ಚಿಗೆ ಕೇಳ್ತೀನಿ" ಅಂದಳು.

ನಮಸ್ಕಾರ.