ತಲೆ ಅಲುಗಿಸದೆ ಸುಳ್ಳು ಹೇಳಿಸುವುದು ಹೇಗೆ? 2ಡಿ ಪಾತ್ರದ ಕಣ್ಣು, ರೆಪ್ಪೆ, ಹುಬ್ಬು

[ತೆರೆ: ತಂಗಿಯ ಮುಖದ ಕ್ಲೋಸಪ್. ಅಕ್ಕನ ದನಿ ಮಾತ್ರ ಕೇಳಿಸುತ್ತದೆ: "ನನ್ನ ಡೈರಿ ತೆಗೆದು ಓದಿದ್ಯೇನೇ?" ತಂಗಿ: "ಇಲ್ಲಕ್ಕಾ."]

ಇಡೀ ಶಾಟ್ ನಾಲ್ಕೇ ಸೆಕೆಂಡು. ಹುಡುಗಿ ಡೈರಿ ಓದಿದ್ದಾಳೆ ಅಂತ ನಿಮಗೆ ಆಗಲೇ ಗೊತ್ತಾಯ್ತು, ಅಲ್ವಾ? ಬಾಯಿ "ಇಲ್ಲ" ಅಂದಿತು. ತಲೆ ಒಂದಿಷ್ಟೂ ಅಲ್ಲಾಡಲಿಲ್ಲ, ಕೈ ಚಿತ್ರದಲ್ಲೇ ಇಲ್ಲ. ಗುಟ್ಟು ಬಿಟ್ಟುಕೊಟ್ಟಿದ್ದು ಎರಡು ಕಣ್ಣು, ಎರಡು ಹುಬ್ಬು. ಇವತ್ತು ಇದೊಂದೇ ಶಾಟನ್ನು ಬಿಚ್ಚಿ ನೋಡೋಣ. ಸೆಕೆಂಡಿಗೆ 24 ಫ್ರೇಮ್, ಒಟ್ಟು 96 ಫ್ರೇಮ್.

[ತೆರೆ: ಟೈಮ್‌ಲೈನ್. 1ರಿಂದ 24ರವರೆಗಿನ ಭಾಗಕ್ಕೆ ಬಣ್ಣ.]

ಮೊದಲ ಒಂದು ಸೆಕೆಂಡು ಅಕ್ಕ ಪ್ರಶ್ನೆ ಕೇಳುತ್ತಿದ್ದಾಳೆ. ತಂಗಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಾಳೆ. ಇಲ್ಲಿ ಒಂದೇ ಒಂದು ಚಲನೆ ಇದೆ: 9ನೇ ಫ್ರೇಮಿನಲ್ಲಿ ಎರಡೂ ಕಣ್ಣಾಲಿಗಳು ಪಕ್ಕಕ್ಕೆ ಒಂದು ಚೂರು ಜರುಗುತ್ತವೆ. ಎಷ್ಟು ಅಂದರೆ ಪಾಪೆಯ ಅಗಲದ ಕಾಲು ಭಾಗ, ಅಷ್ಟೇ. ಹತ್ತಿರ ನಿಂತವರ ಮುಖ ನೋಡುವಾಗ ನಾವು ಅವರ ಎರಡೂ ಕಣ್ಣನ್ನು ಒಟ್ಟಿಗೆ ನೋಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ನಮ್ಮ ನೋಟ ಹಾರುತ್ತಲೇ ಇರುತ್ತದೆ. ಆ ಪುಟ್ಟ ಹಾರಾಟವೇ ಇದು. ಇದನ್ನು ತೆಗೆದುಹಾಕಿ ನೋಡಿ.

[ತೆರೆ: ಅದೇ ಭಾಗ, ಹಾರಾಟವಿಲ್ಲದೆ.]

ಎದುರಿಗೆ ಅಕ್ಕ ಇದ್ದಾಳೆ ಅನ್ನಿಸುವುದೇ ಇಲ್ಲ. ಗೋಡೆ ನೋಡುತ್ತಾ ಕೂತಂತಿದೆ.

ಈಗ ಈ ಹಾರಾಟಕ್ಕೆ ಎಷ್ಟು ಫ್ರೇಮ್ ಕೊಡಬೇಕು? ಒಂದು. 8ನೇ ಫ್ರೇಮಿನಲ್ಲಿ ಇಲ್ಲಿದೆ, 9ರಲ್ಲಿ ಅಲ್ಲಿದೆ. ನಡುವೆ ಚಿತ್ರವೇ ಬೇಡ. ಸಾಫ್ಟ್‌ವೇರಿನಲ್ಲಿ ಎರಡು ಕೀ ಹಾಕಿ ನಡುವಿನದನ್ನು ಅದಕ್ಕೇ ಬಿಟ್ಟರೆ, ಎಂಟು ಫ್ರೇಮ್ ತೆಗೆದುಕೊಂಡು ಕಣ್ಣಾಲಿಯನ್ನು ನಯವಾಗಿ ತೇಲಿಸಿಬಿಡುತ್ತದೆ.

[ತೆರೆ: ಎಡಕ್ಕೆ ತೇಲುವ ಕಣ್ಣು, ಬಲಕ್ಕೆ ಹಾರುವ ಕಣ್ಣು. ಅಕ್ಕಪಕ್ಕ.]

ಎಡಗಡೆಯವಳಿಗೆ ಮಂಪರು ಬಂದಿದೆ. ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಚಲಿಸುವ ವಸ್ತುವೊಂದನ್ನು ಹಿಂಬಾಲಿಸುವಾಗ ಮಾತ್ರ ಮನುಷ್ಯರ ಕಣ್ಣು ನಯವಾಗಿ ಜಾರುತ್ತದೆ. ನಿಂತಿರುವ ಒಂದರಿಂದ ನಿಂತಿರುವ ಇನ್ನೊಂದಕ್ಕೆ ಹೋಗುವಾಗ ಅದು ಜಿಗಿಯುತ್ತದೆ, ಮತ್ತು ಸಣ್ಣ ಜಿಗಿತ ಮುಗಿಯಲು 20ರಿಂದ 50 ಮಿಲಿಸೆಕೆಂಡು ಸಾಕು. ನಮ್ಮ ಒಂದು ಫ್ರೇಮಿನ ಆಯಸ್ಸು ಸುಮಾರು 42 ಮಿಲಿಸೆಕೆಂಡು. ಲೆಕ್ಕ ತಾನಾಗಿ ಕೂಡಿಬರುತ್ತದೆ. ಹಕ್ಕಿ ಹಾರಿ ಹೋಗುವುದನ್ನೋ, ಬಸ್ಸು ದಾಟುವುದನ್ನೋ ಪಾತ್ರ ನೋಡುತ್ತಿದ್ದರೆ ಧಾರಾಳವಾಗಿ ತೇಲಿಸಿ. ಉಳಿದ ಕಡೆ ಟ್ವೀನ್ ಆಫ್ ಮಾಡಿ, ಕೀಯನ್ನು ಹಾಗೇ ಹಿಡಿದಿಡಿ. ತೀರಾ ದೊಡ್ಡ ಜಿಗಿತಕ್ಕೆ, ಅಂದರೆ ಕಣ್ಣಿನ ಈ ಮೂಲೆಯಿಂದ ಆ ಮೂಲೆಗೆ, ನಡುವೆ ಒಂದು ಚಿತ್ರ ಕೊಟ್ಟರೆ ತಪ್ಪಿಲ್ಲ.

[ತೆರೆ: ಫ್ರೇಮ್ 24ರಿಂದ 38. ಹುಬ್ಬುಗಳನ್ನು ದೊಡ್ಡದು ಮಾಡಿ ತೋರಿಸಿ.]

24ಕ್ಕೆ ಅಕ್ಕನ ಮಾತು ಮುಗಿಯಿತು. ಹುಬ್ಬು ಅಲುಗುವುದು 29ಕ್ಕೆ. ನಡುವಿನ ನಾಲ್ಕು ಫ್ರೇಮ್‌ಗಳಲ್ಲಿ ಏನೂ ಇಲ್ಲ. ಆ ಖಾಲಿ ಜಾಗದಲ್ಲೇ ಮಾತು ತಲೆಗೆ ಹೋಗಿ ಅರ್ಥವಾಗುವುದು. 25ಕ್ಕೇ ಬೆಚ್ಚಿಬಿಟ್ಟರೆ ಅಕ್ಕ ಏನು ಕೇಳ್ತಾಳೆ ಅಂತ ತಂಗಿಗೆ ಮೊದಲೇ ಗೊತ್ತಿದ್ದಂತೆ ಆಗುತ್ತದೆ.

29, 30, 31. ಮೂರು ಫ್ರೇಮಿನಲ್ಲಿ ಹುಬ್ಬು ಮೇಲೇರುತ್ತದೆ, ಜೊತೆಗೆ ಮೇಲಿನ ರೆಪ್ಪೆಯೂ ತುಸು ಮೇಲೆ ಹೋಗಿ ಕಣ್ಣಾಲಿಯ ಮೇಲೆ ಬಿಳಿಯ ಒಂದು ಗೆರೆ ಕಾಣುತ್ತದೆ. ನನ್ನ ಪ್ರಕಾರ ಇಡೀ ಶಾಟ್ ನಿಂತಿರುವುದು ಈ ಜಾಗದಲ್ಲೇ. ಸ್ವಲ್ಪ ಇಲ್ಲೇ ಇರೋಣ.

ಹುಬ್ಬನ್ನು ಬಹಳ ಮಂದಿ ಮೇಲೆ-ಕೆಳಗೆ ಜಾರಿಸುವ ಸ್ಟಿಕ್ಕರ್ ಮಾಡಿಕೊಂಡಿದ್ದಾರೆ. ಹಾಗೆ ಮಾಡಿದರೆ ಈ ಶಾಟ್ ಕೆಟ್ಟುಹೋಗುತ್ತದೆ. ನೋಡಿ, ನಾನು ಹುಬ್ಬನ್ನು ಕಮಾನಿನ ಹಾಗೇ ಉಳಿಸಿ ಮೇಲಕ್ಕೆ ಎತ್ತುತ್ತೇನೆ.

[ತೆರೆ: ಕಮಾನು ಹುಬ್ಬು ಮೇಲೇರುತ್ತದೆ. ಶಾಟ್ ಪೂರ್ತಿ ಓಡಲಿ.]

ಏನಾಯ್ತು? ಹುಡುಗಿ ನಿರಪರಾಧಿ ಆಗಿಬಿಟ್ಟಳು! "ಯಾವ ಡೈರಿ? ನಂಗೇನೂ ಗೊತ್ತಿಲ್ಲವಲ್ಲ" ಅನ್ನುವ ಮುಖ. ಅದು ಬರೀ ಅಚ್ಚರಿ. ನಮಗೆ ಬೇಕಾದದ್ದು ಭಯ.

ವ್ಯತ್ಯಾಸ ಇರುವುದು ಹುಬ್ಬಿನ ಒಳತುದಿಯಲ್ಲಿ, ಮೂಗಿನ ಕಡೆ ಇರುವ ತುದಿ. 1978ರಲ್ಲಿ ಪಾಲ್ ಎಕ್‌ಮನ್ ಮತ್ತು ವ್ಯಾಲೇಸ್ ಫ್ರೀಸನ್ ಅನ್ನುವ ಮನಶ್ಶಾಸ್ತ್ರಜ್ಞರು ಮುಖದ ಸ್ನಾಯುಗಳ ಕೆಲಸಕ್ಕೆಲ್ಲ ನಂಬರ್ ಕೊಟ್ಟು ಒಂದು ಪದ್ಧತಿ ಪ್ರಕಟಿಸಿದರು. ಅದರಲ್ಲಿ ಹುಬ್ಬಿನ ಪಾಲಿಗೆ ಬಂದದ್ದು ಮೂರೇ ನಂಬರು. ಒಳತುದಿ ಏರಿದರೆ 1, ಹೊರತುದಿ ಏರಿದರೆ 2, ಹುಬ್ಬು ಕೆಳಗಿಳಿದು ಒಂದರ ಹತ್ತಿರ ಇನ್ನೊಂದು ಬಂದರೆ 4. 1 ಮತ್ತು 2 ಸೇರಿದರೆ ಹುಬ್ಬು ಇಡಿಯಾಗಿ ಕಮಾನಾಗಿ ಏರುತ್ತದೆ, ಅಚ್ಚರಿ. 1 ಮತ್ತು 4 ಸೇರಿದರೆ ಒಳತುದಿ ಮಾತ್ರ ಓರೆಯಾಗಿ ಮೇಲೆ ಏಳುತ್ತದೆ, ದುಃಖ. ಮೂರೂ ಒಟ್ಟಿಗೆ ಎಳೆದರೆ ಭಯ: ಹುಬ್ಬು ಮೇಲೇರಿರುತ್ತದೆ, ಆದರೆ ಕಮಾನು ಮಾಯವಾಗಿ ನೇರವಾಗಿರುತ್ತದೆ, ಒಳತುದಿಗಳು ಒಂದನ್ನೊಂದು ಸಮೀಪಿಸಿರುತ್ತವೆ.

[ತೆರೆ: ಹುಬ್ಬಿನ ಗೆರೆ ಮೇಲೆ ಮೂರು ಚುಕ್ಕೆ: ಒಳತುದಿ, ನಡುವಿನ ಬಾಗು, ಹೊರತುದಿ.]

ನಮ್ಮ 2ಡಿ ಗೆರೆಯಲ್ಲಿ ಇದಕ್ಕೆ ಮೂರು ಬಿಂದು ಸಾಕು. ಹೊರತುದಿ ಸ್ವಲ್ಪ ಮೇಲೆ. ಒಳತುದಿ ಅದಕ್ಕಿಂತ ಹೆಚ್ಚು ಮೇಲೆ, ಜೊತೆಗೆ ಮೂಗಿನ ಕಡೆಗೆ ಒಂದು ಚೂರು. ನಡುವಿನ ಬಾಗನ್ನು ತಗ್ಗಿಸಿ, ಗೆರೆ ಹೆಚ್ಚುಕಡಿಮೆ ನೇರವಾಗಲಿ. ಬಿಂದು ಎಳೆಯುವ ಭರದಲ್ಲಿ ಹುಬ್ಬಿನ ಉದ್ದ ಬೆಳೆಯದಂತೆ ನೋಡಿಕೊಳ್ಳಿ. ಉದ್ದವಾದರೆ ಅದು ರಬ್ಬರು. ಇನ್ನೊಂದು: ಎರಡೂ ಹುಬ್ಬನ್ನು ಕನ್ನಡಿ ಹಿಡಿದಂತೆ ಒಂದೇ ಥರ ಮಾಡಬೇಡಿ. ಇಲ್ಲಿ ಎಡ ಹುಬ್ಬು ಬಲದ್ದಕ್ಕಿಂತ ಒಂದು ಫ್ರೇಮ್ ಮುಂಚೆ ಹೊರಡುತ್ತದೆ, ತುಸು ಹೆಚ್ಚು ಏರುತ್ತದೆ.

32ರಿಂದ 38ರವರೆಗೆ ಹಾಗೇ ಹಿಡಿದಿಡಿ. ಏರಿದ್ದೂ ನಿಂತದ್ದೂ ಸೇರಿ ಹತ್ತು ಫ್ರೇಮ್, ಅರ್ಧ ಸೆಕೆಂಡಿಗಿಂತ ಕಡಿಮೆ. ಇಷ್ಟೇ ಅವಳು ಬಿಟ್ಟುಕೊಟ್ಟದ್ದು. ಮಿಕ್ಕದ್ದೆಲ್ಲ ಅದನ್ನು ಮುಚ್ಚಿಕೊಳ್ಳುವ ಪಾಡು.

[ತೆರೆ: ಫ್ರೇಮ್ 39ರಿಂದ 57.]

39ಕ್ಕೆ ನೋಟ ತಪ್ಪಿಸುತ್ತಾಳೆ. ಕಣ್ಣಾಲಿ ಒಂದೇ ಜಿಗಿತಕ್ಕೆ ಕೆಳಗೆ, ಪಕ್ಕಕ್ಕೆ. ಮೇಲಿನ ರೆಪ್ಪೆ ಒಂದು ಫ್ರೇಮ್ ತಡವಾಗಿ ಅದರ ಹಿಂದೆಯೇ ಇಳಿಯುತ್ತದೆ. ರೆಪ್ಪೆ ಇಳಿಸದೆ ಬರೀ ಪಾಪೆ ಇಳಿಸಿದರೆ ಕಣ್ಣು ಗೊಂಬೆಯದಾಗುತ್ತದೆ. ಹುಬ್ಬಿನ ಬಿಗಿ ಇಲ್ಲಿ ಅರ್ಧ ಸಡಿಲವಾಗುತ್ತದೆ. 50ಕ್ಕೆ ಇನ್ನೊಂದು ಜಿಗಿತ, ಮೊದಲಿನದಕ್ಕಿಂತ ಚಿಕ್ಕದು. ಉತ್ತರ ಹುಡುಕುತ್ತಿದ್ದಾಳೆ. ಎರಡು ಜಿಗಿತಗಳ ದೂರವೂ ಬೇರೆ, ನಿಂತ ಹೊತ್ತೂ ಬೇರೆ. ಅಳೆದಿಟ್ಟಂತೆ ಎಂಟೆಂಟು ಫ್ರೇಮಿಗೊಮ್ಮೆ ಹಾರಿಸಿದರೆ ಗಡಿಯಾರದ ಮುಳ್ಳು ನೋಡಿದ ಹಾಗಾಗುತ್ತದೆ. ಮೂರನೆಯ ಜಿಗಿತವನ್ನು ನಾನಂತೂ ಹಾಕುವುದಿಲ್ಲ, ಕಳ್ಳಿ ಕಳ್ಳಿ ಅಂತ ಡಂಗುರ ಸಾರಿದಂತೆ ಆಗುತ್ತೆ.

ಹಾಂ, "ಸುಳ್ಳು ಹೇಳುವವರು ಇಂಥ ದಿಕ್ಕಿಗೇ ನೋಡ್ತಾರಲ್ವಾ" ಅನ್ನುವವರು ಇದ್ದೇ ಇರ್ತಾರೆ. 2012ರಲ್ಲಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ ನೋಡಿದರು, ಆ ನಂಬಿಕೆಗೆ ಆಧಾರ ಸಿಗಲಿಲ್ಲ. ಅಕ್ಕ ಇರುವ ಕಡೆ ಬಿಟ್ಟು, ಚಿತ್ರದಲ್ಲಿ ಚೆನ್ನಾಗಿ ಕಾಣುವ ಕಡೆ ಕಳಿಸಿ, ಸಾಕು.

[ತೆರೆ: ಫ್ರೇಮ್ 58ರಿಂದ 66. ಒಂದೊಂದೇ ಫ್ರೇಮ್.]

ಈಗ ರೆಪ್ಪೆ ಬಡಿತ. 58, 59 ಮುಚ್ಚುವುದು. 60, 61, 62 ಮುಚ್ಚಿರುವುದು. 63ರಿಂದ 66 ತೆರೆಯುವುದು. ಮುಚ್ಚುವುದು ಬೇಗ, ತೆರೆಯುವುದು ನಿಧಾನ. ಇದನ್ನು ಉಲ್ಟಾ ಮಾಡಿದರೆ ನಿದ್ದೆಗೆಟ್ಟ ಮುಖ ಬರುತ್ತದೆ. ಅದೇ ಪರಿಣಾಮ ಇನ್ನೊಂದು ದಾರಿಯಿಂದಲೂ ಬರುತ್ತದೆ: ರೆಪ್ಪೆಯನ್ನು ಪಾಪೆಯ ಸರಿಯಾಗಿ ನಡುವೆ ತಂದು ಚಿತ್ರ ಬರೆದರೆ. ಅದಕ್ಕೇ ಮುಚ್ಚುವಾಗಿನ ನಡುಚಿತ್ರ ಮುಚ್ಚಿದ ಕಣ್ಣಿನ ಹತ್ತಿರವೇ ಇರಲಿ, ಪಾಪೆಯೂ ರೆಪ್ಪೆಯ ಜೊತೆ ಸ್ವಲ್ಪ ಕೆಳಗೆ ಜಾರಲಿ. ಮುಚ್ಚಿದ ಗೆರೆ ಬೀಳಬೇಕಾದ್ದು ಕಣ್ಣಿನ ನಡುವಿನಲ್ಲಲ್ಲ, ಕೆಳಭಾಗದಲ್ಲಿ. ಮೇಲಿನ ರೆಪ್ಪೆಯೇ ಹೆಚ್ಚಿನ ಕೆಲಸ ಮಾಡುವುದು, ಕೆಳಗಿನದು ಚೂರೇ ಚೂರು ಏಳುತ್ತದೆ.

ಎರಡೆರಡು ಫ್ರೇಮಿಗೆ ಒಂದು ಚಿತ್ರ ಬರೆಯುವವರು ಎರಡು, ಎರಡು, ನಾಲ್ಕು ಮಾಡಿಕೊಳ್ಳಿ, ನಡೆಯುತ್ತದೆ.

ಈ ಬಡಿತ ಇಲ್ಲೇ ಯಾಕೆ? ಸುಮ್ಮನಿದ್ದಾಗ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ ಅಂತ ಲೆಕ್ಕ ಹಿಡಿದು ಮೂರು-ನಾಲ್ಕು ಸೆಕೆಂಡಿಗೊಂದು ಹಾಕುತ್ತಾ ಹೋಗುವವರಿದ್ದಾರೆ. ಕಣ್ಣು ಒಣಗದಿರಲು ಅದು ಸರಿ. ನಟನೆಯಲ್ಲಿ ರೆಪ್ಪೆ ಬಡಿಯುವುದು ಯೋಚನೆ ಬದಲಾಗುವ ಜಾಗದಲ್ಲಿ. ಇಲ್ಲಿ "ಏನು ಹೇಳಲಿ" ಮುಗಿದು "ಇಲ್ಲ ಅಂತೀನಿ" ಶುರುವಾಗುತ್ತದೆ. ಅಲ್ಲದೆ ಮುಚ್ಚಿದ ಮೂರು ಫ್ರೇಮ್ ನಮಗೊಂದು ಮರೆ. ಆ ಮರೆಯಲ್ಲಿ ಕಣ್ಣಾಲಿಯನ್ನು ಅಕ್ಕನ ಕಡೆ ತಿರುಗಿಸಿ, ಹುಬ್ಬನ್ನು ಸಹಜ ಆಕಾರಕ್ಕೆ ತಂದುಬಿಡಿ. ತೆರೆದಾಗ ಮುಖ ತೊಳೆದಿಟ್ಟಂತೆ ಸಪಾಟು.

[ತೆರೆ: ಫ್ರೇಮ್ 67ರಿಂದ 96.]

70ಕ್ಕೆ "ಇಲ್ಲಕ್ಕಾ". ಈಗ ಕಣ್ಣು ಅಕ್ಕನ ಮೇಲೆ ಎವೆಯಿಕ್ಕದೆ ನಿಂತಿದೆ. ಮೊದಲ ಸೆಕೆಂಡಿನಲ್ಲಿ ಅಷ್ಟು ಸಹಜವಾಗಿ ಹಾರುತ್ತಿದ್ದ ನೋಟ ಈಗ ಹಾರುತ್ತಿಲ್ಲ. ಪ್ರಯತ್ನಪಟ್ಟು ನೋಡುತ್ತಿದ್ದಾಳೆ ಅನ್ನುವುದು ಅದರಿಂದಲೇ ತಿಳಿಯುವುದು. ಆದರೆ ಒಂದೇ ಚಿತ್ರವನ್ನು ಇಷ್ಟು ಹೊತ್ತು ನಿಲ್ಲಿಸಿದರೆ ವಿಡಿಯೋ ಸಿಕ್ಕಿಕೊಂಡಂತೆ ಕಾಣುತ್ತದೆ. ಹಾಗಾಗಿ 76ರಿಂದ 87ರವರೆಗೆ ಎಡ ಹುಬ್ಬಿನ ಒಳತುದಿ ಮಾತ್ರ, ಗೆರೆಯ ದಪ್ಪದಷ್ಟೇ, ಮೇಲಕ್ಕೆ ತೆವಳುತ್ತದೆ. 88ಕ್ಕೆ ಇನ್ನೊಂದು ಬಡಿತ, ಈ ಸಲ ಮುಚ್ಚಿರುವುದು ಒಂದೇ ಫ್ರೇಮ್. 96ಕ್ಕೆ ಕಟ್.

ಇದು ಸರಿಬಂತೋ ಇಲ್ಲವೋ ನೋಡಲು ದನಿ ಮ್ಯೂಟ್ ಮಾಡಿ, ತೆರೆಯ ಮೇಲೆ ಬಾಯಿಯ ಭಾಗಕ್ಕೆ ಒಂದು ಕಾಗದ ಅಡ್ಡ ಹಿಡಿದು ಪ್ಲೇ ಮಾಡಿ. ಕಥೆ ಗೊತ್ತಿಲ್ಲದವರನ್ನು ಕೇಳಿ: ಇವಳಿಗೆ ಏನಾಯ್ತು? "ಬೆಚ್ಚಿದಳು, ಆಮೇಲೆ ಸಾವರಿಸಿಕೊಂಡಳು" ಅಂದರೆ ಆಯ್ತು. "ಆಶ್ಚರ್ಯಪಟ್ಟಳು" ಅಂದರೆ 31ನೇ ಫ್ರೇಮಿಗೆ ಹೋಗಿ ಹುಬ್ಬಿನ ಬಾಗು ನೋಡಿ. "ನಿದ್ದೆ ಬಂದಿದೆ" ಅಂದರೆ 58, 59 ನೋಡಿ. ಇದನ್ನೆಲ್ಲ ಜೂಮ್ ಮಾಡದೆ, ಜನ ನೋಡುವ ಅಳತೆಯಲ್ಲೇ ಮಾಡಿ. ಪಾತ್ರ ಪೂರ್ತಿ ಕಾಣುವ ದೂರದ ಶಾಟಿನಲ್ಲಿ ಪಾಪೆಯ ಕಾಲು ಭಾಗದ ಜಿಗಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ತಲೆಯನ್ನೇ ಆಡಿಸಬೇಕು.

[ತೆರೆ: ಚುಕ್ಕೆ ಕಣ್ಣಿನ ಪಾತ್ರ, ಅದೇ ಶಾಟ್.]

ಕಣ್ಣಿನ ಬಿಳಿ ಇಲ್ಲದ, ಬರೀ ಕಪ್ಪು ಚುಕ್ಕೆಯ ಪಾತ್ರ ನಿಮ್ಮದಾದರೆ ಬಿಳಿ ಗೆರೆ ಕಾಣಿಸುವ ಉಪಾಯ ಬಿಟ್ಟುಬಿಡಿ. ಜಿಗಿತಕ್ಕೆ ಎರಡೂ ಚುಕ್ಕೆಗಳನ್ನು ಒಟ್ಟಿಗೆ ಮುಖದ ಮೇಲೇ ಜರುಗಿಸಿ, ಎರಡರ ನಡುವಿನ ಅಂತರ ಮಾತ್ರ ಬದಲಾಗದಿರಲಿ. ಫ್ರೇಮಿನ ಲೆಕ್ಕ ಅದೇ. ಹುಬ್ಬನ್ನು ಮಾತ್ರ ಇನ್ನೂ ಸ್ವಲ್ಪ ಹೆಚ್ಚು ಆಡಿಸಿ, ಭಯ ತೋರಿಸಲು ಈ ಮುಖದಲ್ಲಿ ಉಳಿದಿರುವುದು ಅದೊಂದೇ ಗೆರೆ.