ಟಿವಿಯ ಪಿಕ್ಚರ್ ಮೋಡ್: ಯಾವುದು ಯಾವಾಗ?

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಟಿವಿಯ ಸೆಟ್ಟಿಂಗ್ಸ್‌ಗೆ ಹೋದರೆ ಪಿಕ್ಚರ್ ಮೋಡ್ ಅಂತ ಒಂದು ಪಟ್ಟಿ ಸಿಗುತ್ತದೆ. ಸ್ಟ್ಯಾಂಡರ್ಡ್, ವಿವಿಡ್, ಸಿನಿಮಾ, ಸ್ಪೋರ್ಟ್ಸ್, ಗೇಮ್. ಕೆಲವು ಟಿವಿಗಳಲ್ಲಿ ಸಿನಿಮಾ ಬದಲು ಮೂವಿ ಅಂತ ಇರುತ್ತದೆ. ಬೆಳಕು ಎಷ್ಟಿರಬೇಕು, ಬಣ್ಣ ಹೇಗಿರಬೇಕು, ಓಡುವ ಚಿತ್ರವನ್ನು ಎಷ್ಟು ತಿದ್ದಬೇಕು ಅನ್ನೋದನ್ನೆಲ್ಲ ಕಂಪನಿಯವರು ಮೊದಲೇ ಹೊಂದಿಸಿ ಒಂದೊಂದು ಹೆಸರು ಕೊಟ್ಟಿದ್ದಾರೆ. ಹೆಸರು ಬದಲಿಸಿದರೆ ಇವೆಲ್ಲ ಒಟ್ಟಿಗೇ ಬದಲಾಗುತ್ತವೆ.

ಮೊದಲು ಸಿನಿಮಾ ಮೋಡ್. ಜನ ಹೆಚ್ಚು ದೂರುವುದು ಇದನ್ನೇ. ಹಾಕಿದ ಕೂಡಲೇ ಪರದೆ ಮಂಕಾಗಿ, ಹಳದಿಯಾಗಿ ಕಾಣುತ್ತದೆ. ಟಿವಿ ಕೆಟ್ಟಿತೇನೋ ಅಂತ ವಾಪಸ್ ಸ್ಟ್ಯಾಂಡರ್ಡ್‌ಗೆ ಹೋಗಿಬಿಡುತ್ತಾರೆ. ಆದರೆ ಸಿನಿಮಾದವರು ಬಣ್ಣ ಹೊಂದಿಸುವಾಗ ಬಿಳಿಗೆ ಒಂದು ಅಳತೆ ಇಟ್ಟುಕೊಂಡಿರುತ್ತಾರೆ. ಅದು ಸುಮಾರು 6500 ಕೆಲ್ವಿನ್, ಹಗಲಿನ ಬೆಳಕಿನ ಬಿಳಿ. ಸಿನಿಮಾ ಮೋಡ್ ಅದಕ್ಕೆ ಹತ್ತಿರ ಇರುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಬಿಳಿಗೆ ಸಾಮಾನ್ಯವಾಗಿ ನೀಲಿ ಬೆರೆತಿರುತ್ತದೆ, ವಿವಿಡ್‌ನಲ್ಲಿ ಇನ್ನೂ ಜಾಸ್ತಿ. ಆ ನೀಲಿಗೆ ಒಗ್ಗಿದ ಕಣ್ಣಿಗೆ ಸರಿಯಾದ ಬಿಳಿಯೇ ಹಳದಿ ಅನಿಸುತ್ತದೆ.

ಇದನ್ನು ನೀವೇ ನೋಡಬಹುದು. ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ ಹಾಕಿ. ಅದರಲ್ಲಿ ಬಣ್ಣವೇ ಇಲ್ಲ, ಅಲ್ವಾ? ವಿವಿಡ್‌ನಲ್ಲಿ ನೋಡಿದರೆ ಬಿಳಿ ಸೀರೆ, ಬಿಳಿ ಗೋಡೆ ತಿಳಿ ನೀಲಿಗೆ ತಿರುಗಿರುತ್ತವೆ. ಈಗ ಸಿನಿಮಾ ಮೋಡ್‌ಗೆ ಬದಲಿಸಿ, ಹತ್ತು ನಿಮಿಷ ಸುಮ್ನೆ ನೋಡ್ತಾ ಇರಿ. ಆಮೇಲೆ ವಿವಿಡ್‌ಗೆ ವಾಪಸ್ ಹೋದರೆ ಆ ನೀಲಿ ಕಣ್ಣಿಗೆ ಹೊಡೆಯುತ್ತದೆ.

ಚಲನೆಯ ವಿಷಯವೂ ಇದೆ. ಸಿನಿಮಾವನ್ನು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ತೆಗೆಯುತ್ತಾರೆ. ಬೇರೆ ಮೋಡ್‌ಗಳಲ್ಲಿ ಎಷ್ಟೋ ಟಿವಿಗಳು ಎರಡು ಚಿತ್ರಗಳ ನಡುವೆ ತಾವೇ ಹೊಸ ಚಿತ್ರ ಸೃಷ್ಟಿಸಿ ಸೇರಿಸುತ್ತವೆ. ಆಗ ಕೋಟಿಗಟ್ಟಲೆ ಖರ್ಚು ಮಾಡಿ ತೆಗೆದ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ನಡೆದು ಹೋಗುವವರ ತಲೆಯ ಸುತ್ತ ನೀರು ಕದಡಿದಂತೆ ಒಂದು ಅಂಚು ಅಲುಗಾಡುತ್ತಿದ್ದರೆ ಅದು ಈ ಸೇರಿಸುವ ಕೆಲಸದ ಗುರುತು. ಸಿನಿಮಾ ಮೋಡ್‌ನಲ್ಲೂ ಕೆಲವು ಕಂಪನಿಗಳು ಇದನ್ನು ಸ್ವಲ್ಪ ಬಿಟ್ಟಿರುತ್ತವೆ. ಮೋಶನ್ ಅಂತ ಶುರುವಾಗುವ ಸೆಟ್ಟಿಂಗ್ ಹುಡುಕಿ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇರುವ ಟಿವಿಯಾದರೆ ಅದನ್ನೇ ಹಾಕಿ, ಅದರಲ್ಲಿ ಇದು ಆಫ್ ಆಗೇ ಇರುತ್ತದೆ.

ಸಿನಿಮಾ ಮೋಡ್ ಒಗ್ಗುವುದು ಸಂಜೆಗೆ, ಬೆಳಕು ಕಡಿಮೆ ಇರುವ ಕೋಣೆಗೆ. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬೀಳುವ ಹಾಲ್‌ನಲ್ಲಿ ರಾತ್ರಿಯ ದೃಶ್ಯ ಬಂದರೆ ಏನೂ ಕಾಣುವುದಿಲ್ಲ. ಆಗ ಸ್ಟ್ಯಾಂಡರ್ಡ್ ಒಳ್ಳೆಯದು. ವಾರ್ತೆ, ಧಾರಾವಾಹಿ, ಅಡುಗೆ ಕಾರ್ಯಕ್ರಮಕ್ಕೂ ಅದೇ ಸಾಕು. ಇಲ್ಲವೇ ಸಿನಿಮಾ ಮೋಡ್‌ನಲ್ಲೇ ಇದ್ದು ಬ್ಯಾಕ್‌ಲೈಟ್ ಒಂದನ್ನೇ ಏರಿಸಬಹುದು. ಬಣ್ಣ ಸರಿ ಇರುತ್ತದೆ, ಬೆಳಕೂ ಸಿಗುತ್ತದೆ. ನನಗೆ ಇಷ್ಟವಾದ ದಾರಿ ಇದೇ.

ಸ್ಪೋರ್ಟ್ಸ್ ಮೋಡ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಹೆಸರು ನೋಡಿ ಕ್ರಿಕೆಟ್‌ಗೆ ಇದೇ ಬೇಕು ಅಂದುಕೊಳ್ಳುತ್ತೇವೆ. ಅದು ಬೆಳಕು, ಬಣ್ಣ ಎರಡನ್ನೂ ಏರಿಸಿ, ಚಲನೆಯನ್ನು ನುಣುಪು ಮಾಡುತ್ತದೆ. ಟೆಸ್ಟ್ ಪಂದ್ಯ ಬಂದಾಗ ಗಮನಿಸಿ. ಹುಲ್ಲು ಬಣ್ಣ ಬಳಿದ ಹಾಗೆ ಹಸಿರಾಗುತ್ತದೆ, ಆಟಗಾರರ ಬಿಳಿ ಅಂಗಿಯ ಮಡಿಕೆಗಳು ಮಾಯವಾಗಿ ಬರೀ ಬೆಳಕೇ ಉಳಿಯುತ್ತದೆ. ಕೆಲವೊಮ್ಮೆ ಬೌಂಡರಿಗೆ ಓಡುವ ಚೆಂಡಿನ ಹಿಂದೆ ಬಾಲ ಬೆಳೆಯುತ್ತದೆ, ಇಲ್ಲವೇ ಚೆಂಡೇ ಕ್ಷಣಕಾಲ ಕಾಣೆಯಾಗುತ್ತದೆ. ಪಂದ್ಯಕ್ಕೂ ಸ್ಟ್ಯಾಂಡರ್ಡ್ ಇಟ್ಟು, ಮೋಶನ್ ಅನ್ನು ಕಡಿಮೆ ಮಟ್ಟದಲ್ಲಿ ಮಾತ್ರ ಆನ್ ಮಾಡಿ ನೋಡಿ. ಹಗಲು ಹೊತ್ತು, ಮನೆ ತುಂಬ ಜನ, ದೂರದಿಂದ ನೋಡಬೇಕು ಅಂದಾಗ ಸ್ಪೋರ್ಟ್ಸ್ ಮೋಡ್ ಇರಲಿ, ತೊಂದರೆಯಿಲ್ಲ.

ಗೇಮ್ ಮೋಡ್‌ನ ಕೆಲಸವೇ ಬೇರೆ. ಚಿತ್ರವನ್ನು ತಿದ್ದಿ ತೋರಿಸಲು ಟಿವಿಗೆ ಸಮಯ ಹಿಡಿಯುತ್ತದೆ. ಕೆಲವು ಟಿವಿಗಳಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾಗಬಹುದು. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ಮಗ ಕ್ರಿಕೆಟ್ ಗೇಮ್ ಆಡುತ್ತಿದ್ದಾನೆ ಅನ್ನಿ. ಚೆಂಡು ಪಿಚ್ ಆದದ್ದು ನೋಡಿ ಬಟನ್ ಒತ್ತುತ್ತಾನೆ. ಬ್ಯಾಟು ಬೀಸುವಷ್ಟರಲ್ಲಿ ಸ್ಟಂಪ್ ಹಾರಿರುತ್ತದೆ. ಗೇಮ್ ಮೋಡ್ ತಿದ್ದುವ ಕೆಲಸವನ್ನು ಆದಷ್ಟೂ ಬಿಟ್ಟು ಚಿತ್ರವನ್ನು ಬೇಗ ತೋರಿಸುತ್ತದೆ. ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದಾಗ ಮೌಸ್ ಎಳೆದಂತೆ ಅನಿಸಿದರೂ ಇದೇ ಮದ್ದು.

ಒಂದು ವಿಷಯ ನೆನಪಿಡಿ. ಬಹಳಷ್ಟು ಟಿವಿಗಳು ಒಂದೊಂದು ಎಚ್‌ಡಿಎಂಐ ಕಿಂಡಿಗೂ ಮೋಡ್ ಅನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸ್ ಒಂದನೆಯದರಲ್ಲಿ, ಗೇಮ್ ಎರಡನೆಯದರಲ್ಲಿ ಇದ್ದರೆ ಎರಡಕ್ಕೂ ಹೋಗಿ ಅವುಗಳ ಮೋಡ್ ಆರಿಸಬೇಕು. ಟಿವಿಯೊಳಗಿನ ಆ್ಯಪ್‌ಗಳಲ್ಲಿ ಸಿನಿಮಾ ನೋಡುವಾಗಲೂ ಅಷ್ಟೇ, ಸಿನಿಮಾ ಶುರುವಾದ ಮೇಲೆ ಮೆನು ತೆರೆದು ಯಾವ ಮೋಡ್ ಇದೆ ಅಂತ ಒಮ್ಮೆ ನೋಡಿಕೊಳ್ಳಿ.

ನಮಸ್ಕಾರ.